20 ನಿಮಿಷ, 35 ಪ್ರಶ್ನೆ: ಬ್ಯಾಂಕ್ ಕ್ಲರ್ಕ್ ಪ್ರಿಲಿಮ್ಸ್ ಗಣಿತದಲ್ಲಿ ಸೆಕೆಂಡುಗಳ ಲೆಕ್ಕ ಇಡುವ ಬಗೆ

ಐಬಿಪಿಎಸ್ ಕ್ಲರ್ಕ್ ಪ್ರಿಲಿಮ್ಸ್‌ನಲ್ಲಿ ಮೂರು ವಿಭಾಗ. ಇಂಗ್ಲಿಷ್‌ಗೆ 30 ಪ್ರಶ್ನೆ, ಗಣಿತಕ್ಕೆ 35, ರೀಸನಿಂಗ್‌ಗೆ 35. ಪ್ರತಿ ವಿಭಾಗಕ್ಕೂ ಪ್ರತ್ಯೇಕವಾಗಿ 20 ನಿಮಿಷ. ಒಂದರಲ್ಲಿ ಉಳಿಸಿದ ಸಮಯ ಇನ್ನೊಂದಕ್ಕೆ ಸಿಗುವುದಿಲ್ಲ, ಗಡಿಯಾರ ಸೊನ್ನೆಗೆ ಬಂದರೆ ಆ ವಿಭಾಗ ತಾನಾಗಿ ಮುಚ್ಚಿಕೊಳ್ಳುತ್ತದೆ. ಸರಿಯುತ್ತರಕ್ಕೆ 1 ಅಂಕ, ತಪ್ಪಿಗೆ 0.25 ಕಡಿತ. ಈ ಬರಹ ಗಣಿತ ವಿಭಾಗವೊಂದನ್ನೇ ಹಿಡಿದು ಸಾಗುತ್ತದೆ. ಲೆಕ್ಕ ಇಡುವ ಕ್ರಮ ಅಲ್ಲಿ ಕೈಗೆ ಹತ್ತಿದರೆ ಉಳಿದೆರಡಕ್ಕೆ ಸಣ್ಣ ಬದಲಾವಣೆ ಸಾಕು.

20 ನಿಮಿಷವೆಂದರೆ 1200 ಸೆಕೆಂಡು. 35ರಿಂದ ಭಾಗಿಸಿದರೆ ಪ್ರಶ್ನೆಗೆ 34 ಸೆಕೆಂಡು. ಈ 34ನ್ನು ಗೋಡೆಗೆ ಅಂಟಿಸಿಕೊಂಡು ಓದುವವರು ಬಹಳ, ಆದರೆ ಅದರಿಂದ ಉಪಯೋಗ ಕಡಿಮೆ. ಸಿಂಪ್ಲಿಫಿಕೇಶನ್‌ಗೆ 34 ಸೆಕೆಂಡು ಹಿಡಿದರೆ ಅದು ನಿಧಾನ, ಪಾಲುದಾರಿಕೆಯ ಲೆಕ್ಕವನ್ನು 34ರಲ್ಲಿ ಮುಗಿಸಿದರೆ ಅದು ಚುರುಕು. ಸರಾಸರಿ ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಮಾಕ್ ಟೆಸ್ಟ್ ಮುಗಿದ ಮೇಲೆ ಪರದೆಯಲ್ಲಿ ಬರುವ ಒಟ್ಟು ಅಂಕ ಮತ್ತು ನಿಖರತೆಯ ಶೇಕಡಾವಾರು ಕೂಡ ಹೀಗೆಯೇ: ಏನೋ ಸೋರುತ್ತಿದೆ ಎಂದು ಹೇಳುತ್ತವೆ, ಎಲ್ಲಿ ಎಂದು ಹೇಳುವುದಿಲ್ಲ.

ಏನನ್ನು ಬರೆದಿಡಬೇಕು

ಪ್ರತಿ ಪ್ರಶ್ನೆಗೆ ಒಂದು ಸಾಲು, ಸಾಲಿಗೆ ಐದು ಕಾಲಂ: ಪ್ರಶ್ನೆ ಸಂಖ್ಯೆ, ಮಾದರಿ, ಹಿಡಿದ ಸೆಕೆಂಡು, ಫಲ, ಕಾರಣ. ಮಾದರಿಗಳನ್ನು ನಾಲ್ಕಕ್ಕಿಂತ ಹೆಚ್ಚು ಮಾಡಬೇಡಿ. ಸಿಂಪ್ಲಿಫಿಕೇಶನ್, ನಂಬರ್ ಸೀರೀಸ್, ಡಿಐ ಅಂದರೆ ಡೇಟಾ ಇಂಟರ್‌ಪ್ರಿಟೇಶನ್, ಮತ್ತು ವಾಕ್ಯ ರೂಪದ ಲೆಕ್ಕಗಳು ಇದ್ದರೆ ಆಯಿತು. ಲಾಭ-ನಷ್ಟ, ಬಡ್ಡಿ, ಕೆಲಸ-ಕಾಲ ಎಂದು ಮೊದಲೇ ಒಡೆದರೆ ಒಂದೊಂದರಲ್ಲಿ ಒಂದೋ ಎರಡೋ ಪ್ರಶ್ನೆ ಉಳಿದು ಯಾವ ಚಿತ್ರವೂ ಮೂಡುವುದಿಲ್ಲ.

ಫಲದ ಕಾಲಂನಲ್ಲಿ ನಾಲ್ಕು ಗುರುತು. ‘ಸ’ ಎಂದರೆ ಸರಿ, ‘ತ’ ಎಂದರೆ ತಪ್ಪು, ‘ಬಿ’ ಎಂದರೆ ಕೈ ಹಾಕಿ ಬಿಟ್ಟದ್ದು, ‘ಇ’ ಎಂದರೆ ನೋಡಿಯೇ ಇಲ್ಲ. ಎಲ್ಲರೂ ಮರೆಯುವುದು ‘ಬಿ’ಯನ್ನು. ಅಂಕಪಟ್ಟಿಯಲ್ಲಿ ‘ಬಿ’ ಮತ್ತು ‘ಇ’ ಎರಡೂ ಖಾಲಿಯಾಗಿಯೇ ಕಾಣುತ್ತವೆ. ಆದರೆ ಒಂದು ಸಮಯವನ್ನು ತಿಂದಿದೆ, ಇನ್ನೊಂದು ತಿಂದಿಲ್ಲ.

ಹೆಚ್ಚಿನ ಮಾಕ್ ಟೆಸ್ಟ್ ಆ್ಯಪ್‌ಗಳು ಪ್ರತಿ ಪ್ರಶ್ನೆಯ ಮೇಲೆ ಕಳೆದ ಸಮಯವನ್ನು ವಿಶ್ಲೇಷಣೆಯ ಪುಟದಲ್ಲಿ ಕೊಡುತ್ತವೆ, ಅದನ್ನೇ ನಕಲಿಸಿಕೊಳ್ಳಿ. ಕಾಗದದ ಮೇಲೆ ಅಭ್ಯಾಸ ಮಾಡುವವರು ಮೊಬೈಲ್‌ನ ಸ್ಟಾಪ್‌ವಾಚ್‌ನಲ್ಲಿ ಪ್ರತಿ ಪ್ರಶ್ನೆ ಮುಗಿದಾಗ ಲ್ಯಾಪ್ ಒತ್ತಿದರೆ ಸಾಕು. ಒತ್ತಲು ಮರೆತರೆ ಆ ಸಾಲನ್ನು ಖಾಲಿ ಬಿಡಿ, ಅಂದಾಜು ಮಾಡಿ ತುಂಬಬೇಡಿ. ಕಷ್ಟಪಟ್ಟು ಬಿಡಿಸಿದ ಪ್ರಶ್ನೆಗೆ ಎಷ್ಟು ಹೊತ್ತು ಹಿಡಿಯಿತು ಎಂಬ ನಮ್ಮ ನೆನಪು ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆಯೇ ಇರುತ್ತದೆ.

ಕನ್ನಡದಲ್ಲಿ ಪರೀಕ್ಷೆ ಬರೆಯುವವರಿಗೆ ಇನ್ನೊಂದು ಕಾಲಂ ಬೇಕು: ಪ್ರಶ್ನೆಯನ್ನು ಯಾವ ಭಾಷೆಯಲ್ಲಿ ಓದಿದಿರಿ. ಅಭ್ಯಾಸವೆಲ್ಲ ಇಂಗ್ಲಿಷ್ ಮಾಕ್‌ಗಳಲ್ಲಿ ಆಗಿ, ಪರೀಕ್ಷೆಯಲ್ಲಿ ಕನ್ನಡ ಆರಿಸಿಕೊಂಡರೆ ‘ಅಸಲು’, ‘ಚಕ್ರಬಡ್ಡಿ’, ‘ನಮೂದಿತ ಬೆಲೆ’ ಎಂಬ ಪದಗಳ ಮುಂದೆ ಕಣ್ಣು ಒಂದು ಕ್ಷಣ ನಿಲ್ಲುತ್ತದೆ. ವಾಕ್ಯ ಲೆಕ್ಕಗಳಲ್ಲಿ ಕನ್ನಡ-ಇಂಗ್ಲಿಷ್ ನಡುವೆ ಹಿಂದೆ ಮುಂದೆ ಓಡಾಡುವುದಕ್ಕೇ ಪ್ರಶ್ನೆಗೆ ಹತ್ತಾರು ಸೆಕೆಂಡು ಹೋಗುವುದುಂಟು. ಅಂಥ ಪ್ರಶ್ನೆ ನಿಧಾನವಾದದ್ದಕ್ಕೆ ಗಣಿತ ಕಾರಣವಲ್ಲ. ಭಾಷೆಯನ್ನು ಮೊದಲೇ ತೀರ್ಮಾನಿಸಿ, ಅಭ್ಯಾಸವನ್ನೂ ಅದರಲ್ಲೇ ಮಾಡಿ.

ಒಂದು ಮಾಕ್ ಟೆಸ್ಟ್ ಬಿಚ್ಚಿ ನೋಡಿದರೆ

ಒಬ್ಬ ಅಭ್ಯರ್ಥಿಯ ಹಾಳೆ ಹೀಗಿದೆ ಎಂದುಕೊಳ್ಳಿ. 26ಕ್ಕೆ ಉತ್ತರ, 20 ಸರಿ, 6 ತಪ್ಪು. ಅಂಕ 20ರಲ್ಲಿ 1.5 ಕಳೆದು 18.5. ನಿಖರತೆ ಶೇ 77. ಇಷ್ಟನ್ನೇ ನೋಡಿದವರು “ಇನ್ನಷ್ಟು ವೇಗ ಬೇಕು” ಎಂದೋ “ತಪ್ಪು ಕಡಿಮೆ ಮಾಡಬೇಕು” ಎಂದೋ ಹೇಳಿ ಮುಂದಿನ ಮಾಕ್‌ಗೆ ಹೋಗುತ್ತಾರೆ. ಸಾಲುಗಳನ್ನು ಮಾದರಿವಾರು ಕೂಡಿಸಿದಾಗ ಕಾಣುವುದೇ ಬೇರೆ:

| ಮಾದರಿ | ಪ್ರಶ್ನೆ | ಸರಿ | ತಪ್ಪು | ಕೈ ಹಾಕಿ ಬಿಟ್ಟದ್ದು | ನೋಡದ್ದು | ಸೆಕೆಂಡು | ಅಂಕ | ನಿಮಿಷಕ್ಕೆ ಅಂಕ |
|---|---|---|---|---|---|---|---|---|
| ಸಿಂಪ್ಲಿಫಿಕೇಶನ್ | 12 | 10 | 2 | 0 | 0 | 300 | 9.5 | 1.90 |
| ಡಿಐ | 5 | 4 | 1 | 0 | 0 | 220 | 3.75 | 1.02 |
| ವಾಕ್ಯ ಲೆಕ್ಕ | 13 | 4 | 2 | 2 | 5 | 440 | 3.5 | 0.48 |
| ನಂಬರ್ ಸೀರೀಸ್ | 5 | 2 | 1 | 2 | 0 | 240 | 1.75 | 0.44 |

ಕೊನೆಯ ಕಾಲಂ ಮುಖ್ಯ. ಅದನ್ನು ಸ್ಪ್ರೆಡ್‌ಶೀಟ್‌ನಲ್ಲಿ ಒಂದೇ ಸೂತ್ರದಿಂದ ಪಡೆಯಬಹುದು. B ಕಾಲಂನಲ್ಲಿ ಮಾದರಿ, C ಯಲ್ಲಿ ಸೆಕೆಂಡು, D ಯಲ್ಲಿ ಫಲ ಇದ್ದರೆ ಸೀರೀಸ್‌ಗೆ ಹೀಗೆ:

```
=(COUNTIFS(B:B,"ನಂಬರ್ ಸೀರೀಸ್",D:D,"ಸ")-0.25*COUNTIFS(B:B,"ನಂಬರ್ ಸೀರೀಸ್",D:D,"ತ"))/(SUMIFS(C:C,B:B,"ನಂಬರ್ ಸೀರೀಸ್")/60)
```

ಈಗ ‘ಬಿ’ ಗುರುತಿನ ಸಾಲುಗಳಿಗೆ ಬನ್ನಿ. ಸೀರೀಸ್‌ನಲ್ಲಿ ಬಿಟ್ಟ ಎರಡಕ್ಕೆ 65 ಮತ್ತು 70 ಸೆಕೆಂಡು, ವಾಕ್ಯ ಲೆಕ್ಕದಲ್ಲಿ ಬಿಟ್ಟ ಎರಡಕ್ಕೆ 80 ಮತ್ತು 75. ಕೂಡಿದರೆ 290 ಸೆಕೆಂಡು. 20 ನಿಮಿಷದಲ್ಲಿ 4 ನಿಮಿಷ 50 ಸೆಕೆಂಡು ಖರ್ಚಾಗಿದೆ, ಪ್ರತಿಯಾಗಿ ಒಂದಂಕವೂ ಬಂದಿಲ್ಲ. ಅದೇ ಹೊತ್ತಿಗೆ ಐದು ವಾಕ್ಯ ಲೆಕ್ಕಗಳನ್ನು ನೋಡಲೂ ಆಗಿಲ್ಲ. ಈ ನಾಲ್ಕನ್ನೂ 20 ಸೆಕೆಂಡಿಗೇ ಬಿಟ್ಟಿದ್ದರೆ 210 ಸೆಕೆಂಡು ಉಳಿಯುತ್ತಿತ್ತು. ಈ ಅಭ್ಯರ್ಥಿ ಉತ್ತರಿಸಿದ ಆರು ವಾಕ್ಯ ಲೆಕ್ಕಗಳಿಗೆ ಹಿಡಿದದ್ದು 285 ಸೆಕೆಂಡು, ಒಂದಕ್ಕೆ ಸುಮಾರು 48. ಹಾಗಾಗಿ ಇನ್ನೂ ನಾಲ್ಕು ಪ್ರಶ್ನೆಗೆ ಸಮಯವಿತ್ತು. ಆರರಲ್ಲಿ ನಾಲ್ಕು ಸರಿ ಎಂಬ ಇವತ್ತಿನ ದರದಲ್ಲೇ ಲೆಕ್ಕ ಹಾಕಿದರೂ ಎರಡಂಕಕ್ಕಿಂತ ತುಸು ಹೆಚ್ಚು. ಹೊಸ ಸೂತ್ರ ಕಲಿಯಬೇಕಿಲ್ಲ, ಕೈಯ ವೇಗ ಹೆಚ್ಚಬೇಕಿಲ್ಲ.

ಸಮಯ ಮತ್ತು ಫಲವನ್ನು ಒಟ್ಟಿಗೆ ಓದುವುದು

ಮುಂದೆ ಉತ್ತರಿಸಿದ ಪ್ರಶ್ನೆಗಳನ್ನು ನಾಲ್ಕು ಗುಂಪಿಗೆ ಹಾಕಿ: ಬೇಗ-ಸರಿ, ತಡ-ಸರಿ, ಬೇಗ-ತಪ್ಪು, ತಡ-ತಪ್ಪು. ಬೇಗವೋ ತಡವೋ ಎಂಬುದಕ್ಕೆ ಅಳತೆಗೋಲು ಆ ಮಾದರಿಯಲ್ಲಿ ನಿಮ್ಮದೇ ಸರಾಸರಿ, ಟಾಪರ್‌ನದ್ದಲ್ಲ.

ಬೇಗ-ತಪ್ಪು ಎಂದರೆ ಹೆಚ್ಚಾಗಿ ಕೈತಪ್ಪು. ಮೇಲಿನ ಹಾಳೆಯಲ್ಲಿ ಸಿಂಪ್ಲಿಫಿಕೇಶನ್‌ನ ಒಂದು ತಪ್ಪು ಹೀಗಿತ್ತು: 18ರ ವರ್ಗ + 640ರ ಶೇ 45. ಸರಿಯುತ್ತರ 324 + 288 = 612. ಅಭ್ಯರ್ಥಿ 14 ಸೆಕೆಂಡಿನಲ್ಲಿ 644 ಒತ್ತಿದ್ದಾರೆ. ರಫ್ ಶೀಟ್ ನೋಡಿದರೆ 640ರ ಶೇ 40ಕ್ಕೆ 256 ಎಂದು ಸರಿಯಾಗಿಯೇ ಬರೆದಿದೆ. ಶೇ 5ಕ್ಕೆ 32 ಸೇರಿಸುವ ಬದಲು ಶೇ 10ರ 64 ಸೇರಿದೆ. ಇದಕ್ಕೆ ಶೇಕಡಾವಾರು ಅಧ್ಯಾಯವನ್ನು ಮತ್ತೆ ಓದುವುದು ಮದ್ದಲ್ಲ. ಮದ್ದು ಇಷ್ಟೇ: ಶೇ 10 ಬರೆದು, ಅದರ ಕೆಳಗೆ ಅರ್ಧ ಬರೆದು, ಆಮೇಲೆ ಕೂಡಿಸುವುದು. 3 ಸೆಕೆಂಡು ಹೆಚ್ಚು ಹಿಡಿಯಲಿ. ಇನ್ನೊಂದು ಕಾವಲು ಕೊನೆಯ ಅಂಕಿಯನ್ನು ನೋಡುವುದು. 18ರ ವರ್ಗ 4ರಲ್ಲಿ ಮುಗಿಯುತ್ತದೆ, 288 ಮುಗಿಯುವುದು 8ರಲ್ಲಿ, ಮೊತ್ತ 2ರಲ್ಲಿ ಮುಗಿಯಬೇಕು. ಆದರೆ ಈ ಕಾವಲು ಕೂಡಿಸುವಾಗ ಆಗುವ ತಪ್ಪನ್ನು ಹಿಡಿಯುತ್ತದೆಯೇ ಹೊರತು 32ರ ಬದಲು 64 ಸೇರಿಸಿದ್ದನ್ನು ಹಿಡಿಯುವುದಿಲ್ಲ. ಅದಕ್ಕೇ ರಫ್ ಶೀಟ್ ಎಸೆಯಬಾರದು. ಕಾರಣದ ಕಾಲಂ ತುಂಬಬೇಕಾದದ್ದು ಅದನ್ನು ನೋಡಿ. ‘ಅಜಾಗರೂಕತೆ’ ಎಂದು ಬರೆದರೆ ಏನೂ ಬರೆಯದ ಹಾಗೆ. ‘ಶೇ 5ಕ್ಕೆ ಶೇ 10 ಹಾಕಿದೆ’ ಎಂದು ಬರೆದರೆ ನಾಳೆ ಏನು ಮಾಡಬೇಕೆಂದು ಗೊತ್ತಾಗುತ್ತದೆ.

ತಡ-ತಪ್ಪು ಇದ್ದರೆ ಆ ವಿಷಯವೇ ಗಟ್ಟಿಯಿಲ್ಲ. ಅಂಥದ್ದನ್ನು ಗಡಿಯಾರವಿಟ್ಟು ಅಭ್ಯಾಸ ಮಾಡುವುದು ವ್ಯರ್ಥ. ಪುಸ್ತಕ ತೆರೆದು, ಬಿಡಿಸಿ ತೋರಿಸಿದ ನಾಲ್ಕೈದು ಉದಾಹರಣೆ ನೋಡಿ, ಆಮೇಲೆ ಅದೇ ಬಗೆಯ ಹತ್ತನ್ನು ಸಮಯದ ಹಂಗಿಲ್ಲದೆ ಮಾಡಬೇಕು.

ತಡ-ಸರಿ ಎಂಬುದನ್ನು ಯಾರೂ ತಿರುಗಿ ನೋಡುವುದಿಲ್ಲ, ಉತ್ತರ ಸರಿಯಾಗಿದೆಯಲ್ಲ! ನಿಜವಾದ ವೇಗ ಸಿಗುವುದು ಇಲ್ಲಿ. ಒಬ್ಬ 12 ದಿನದಲ್ಲಿ, ಇನ್ನೊಬ್ಬ 18 ದಿನದಲ್ಲಿ ಮುಗಿಸುವ ಕೆಲಸವನ್ನು ಇಬ್ಬರೂ ಸೇರಿ ಎಷ್ಟು ದಿನದಲ್ಲಿ ಮುಗಿಸುತ್ತಾರೆ? 1/12 ಮತ್ತು 1/18 ಎಂಬ ಭಿನ್ನರಾಶಿಗಳನ್ನು ಕೂಡಿಸಿ, ತಿರುವಿ ಹಾಕಿ ಉತ್ತರ ತರಲು 70 ಸೆಕೆಂಡು ಹಿಡಿದಿದೆ. ಲ.ಸಾ.ಅ. 36ನ್ನು ಒಟ್ಟು ಕೆಲಸ ಎಂದುಕೊಂಡರೆ ಮೊದಲನೆಯವರು ದಿನಕ್ಕೆ 3, ಎರಡನೆಯವರು 2, ಸೇರಿ 5. 36ನ್ನು 5ರಿಂದ ಭಾಗಿಸಿದರೆ 7.2 ದಿನ. 25 ಸೆಕೆಂಡಿನ ಕೆಲಸ. ತಡ-ಸರಿ ಆದ ಪ್ರತಿ ಪ್ರಶ್ನೆಯನ್ನೂ ಅದೇ ದಿನ ಇನ್ನೊಂದು ದಾರಿಯಲ್ಲಿ ಬಿಡಿಸಿ, ಮೂರು ದಿನ ಬಿಟ್ಟು ಮತ್ತೆ ಬಿಡಿಸಿ. ಎರಡನೇ ಸಲವೂ ಹಳೆಯ ದಾರಿಗೇ ಕೈ ಹೋದರೆ ಹೊಸದು ಇನ್ನೂ ಒಗ್ಗಿಲ್ಲ.

ಬೇಗ-ಸರಿ ಆದವನ್ನು ಬಿಟ್ಟುಬಿಡಿ. ಮನಸ್ಸಿಗೆ ಹಿತವೆಂದು ಅವನ್ನೇ ಮತ್ತೆ ಮತ್ತೆ ಮಾಡುತ್ತ ಕೂರುವವರಿದ್ದಾರೆ.

ಬಿಡುವುದನ್ನು ಕಲಿಯುವುದು

290 ಸೆಕೆಂಡು ಸೋರಿದ ಹಾಳೆಯ ಅಭ್ಯರ್ಥಿಗೆ ಮೊದಲ ಅಭ್ಯಾಸ ಬಿಡುವುದರದ್ದು. ನಿಯಮ ಹೀಗೆ: ಪ್ರಶ್ನೆ ಓದಿ 20 ಸೆಕೆಂಡಿನೊಳಗೆ ಮೊದಲ ಹೆಜ್ಜೆ ಯಾವುದೆಂದು ಹೊಳೆಯದಿದ್ದರೆ ಮುಂದಕ್ಕೆ. ಉತ್ತರ ಹೊಳೆಯಬೇಕಿಲ್ಲ, ಹೆಜ್ಜೆ ಹೊಳೆದರೆ ಸಾಕು.

ಸೀರೀಸ್‌ನಲ್ಲಿ ಇದನ್ನು ಇನ್ನೂ ಖಚಿತ ಮಾಡಬಹುದು. 7, 9, 14, 24, 41, ? ಎಂಬುದನ್ನು ತೆಗೆದುಕೊಳ್ಳಿ. ಮೊದಲು ವ್ಯತ್ಯಾಸ ಬರೆಯಿರಿ: 2, 5, 10, 17. ಇವು 1, 2, 3, 4ರ ವರ್ಗಕ್ಕೆ ಒಂದು ಸೇರಿಸಿದ ಸಂಖ್ಯೆಗಳು. ಮುಂದಿನದು 26, ಉತ್ತರ 67. ವ್ಯತ್ಯಾಸದಲ್ಲಿ ಏನೂ ಕಾಣದಿದ್ದರೆ ಒಂದು ಸಂಖ್ಯೆ ಹಿಂದಿನದರ ಎಷ್ಟು ಪಟ್ಟು ಎಂದು ನೋಡಿ. ಅದರಲ್ಲೂ ಕಾಣದಿದ್ದರೆ ಬಿಡಿ. ಮೂರನೇ ಪ್ರಯತ್ನ ಆ ಸರದಿಯಲ್ಲಿ ಬೇಡ. ಸೀರೀಸ್ ಪ್ರಶ್ನೆ ‘ಇನ್ನೇನು ಸಿಕ್ಕಿತು’ ಎಂಬ ಭ್ರಮೆಯಲ್ಲಿ ಹಿಡಿದಿಡುವುದರಲ್ಲಿ ಎತ್ತಿದ ಕೈ.

ಬಿಡುವ ಅಭ್ಯಾಸಕ್ಕೆ ಹೀಗೊಂದು ಕಸರತ್ತಿದೆ. ಮಿಶ್ರ ಮಾದರಿಯ 20 ಪ್ರಶ್ನೆ ಇಟ್ಟುಕೊಂಡು, ಬಿಡಿಸದೆ, ಪ್ರತಿಯೊಂದನ್ನೂ 10 ಸೆಕೆಂಡು ನೋಡಿ ‘ಈಗ’, ‘ಆಮೇಲೆ’ ಅಥವಾ ‘ಬೇಡ’ ಎಂದು ಗುರುತು ಹಾಕಿ. ನಂತರ ಎಲ್ಲವನ್ನೂ ಸಮಯ ಹಿಡಿದು ಬಿಡಿಸಿ. ‘ಈಗ’ ಎಂದವು 50 ಸೆಕೆಂಡಿಗಿಂತ ಹೆಚ್ಚು ಹಿಡಿದರೆ, ಅಥವಾ ‘ಬೇಡ’ ಎಂದವು 30ರಲ್ಲೇ ಬಿಟ್ಟುಕೊಟ್ಟರೆ ನಿಮ್ಮ ಆಯ್ಕೆ ತಪ್ಪಿದೆ. ವಾರಕ್ಕೆರಡು ಸಲ ಮಾಡಿದರೆ ಯಾವ ಬಗೆಯ ಪ್ರಶ್ನೆ ನಿಮ್ಮನ್ನು ಮೋಸಗೊಳಿಸುತ್ತದೆ ಎಂಬುದು ಗೊತ್ತಾಗುತ್ತದೆ. ಉದ್ದ ವಾಕ್ಯವೆಂದರೆ ಕಷ್ಟ, ಚಿಕ್ಕದೆಂದರೆ ಸುಲಭ ಎಂದು ಎಣಿಸುವುದು ಸಾಮಾನ್ಯ ತಪ್ಪು.

ಊಹೆಯ ಮಾತು. ಐಬಿಪಿಎಸ್‌ನಲ್ಲಿ ಐದು ಆಯ್ಕೆಗಳು. ಏನೂ ತಿಳಿಯದೆ ಒತ್ತಿದರೆ ಐದರಲ್ಲೊಂದು ಸಲ 1 ಅಂಕ, ನಾಲ್ಕು ಸಲ 0.25ರಂತೆ ಒಂದಂಕ ಹೋಗುತ್ತದೆ. ಸರಾಸರಿ ಸರಿಯಾಗಿ ಸೊನ್ನೆ. ಒಂದು ಆಯ್ಕೆಯನ್ನು ಖಚಿತವಾಗಿ ತಳ್ಳಿಹಾಕಿದರೆ ಸರಾಸರಿ ಲಾಭ 0.06, ಎರಡನ್ನು ತಳ್ಳಿಹಾಕಿದರೆ 0.17. ಅಂದರೆ ಅರ್ಧ ಬಿಡಿಸಿದ ಪ್ರಶ್ನೆಯಲ್ಲಿ ಎರಡು ಆಯ್ಕೆ ಹೋಗಿದ್ದರೆ ಒತ್ತುವುದು ಲೇಸು. ಆದರೆ ತಳ್ಳಿಹಾಕಲೆಂದೇ 30 ಸೆಕೆಂಡು ಕೊಡುವುದು ನಷ್ಟ. ಹಾಳೆಯಲ್ಲಿ ಊಹಿಸಿದವಕ್ಕೆ ಚುಕ್ಕಿ ಇಡಿ. ಇಲ್ಲವಾದರೆ ಅದೃಷ್ಟದಿಂದ ಬಂದ ‘ಸ’ ನಿಮ್ಮ ನಿಖರತೆಯ ಲೆಕ್ಕವನ್ನೇ ಕೆಡಿಸುತ್ತದೆ.

ಅಭ್ಯಾಸದ ಮೆಟ್ಟಿಲು

ಒಂದೊಂದು ಮಾದರಿಗೆ ಹತ್ತು ಪ್ರಶ್ನೆಗಳ ಸೆಟ್ ಮಾಡಿಕೊಳ್ಳಿ. ಮೊದಲು ಗಡಿಯಾರವಿಲ್ಲದೆ. ಹತ್ತರಲ್ಲಿ ಒಂಬತ್ತು ಸರಿ ಬರುವವರೆಗೆ ಸಮಯದ ಮಾತೇ ಬೇಡ. ಬಂದ ಮೇಲೆ ನಿಮ್ಮ ಈಗಿನ ಸರಾಸರಿಯಿಂದ ಶುರು ಮಾಡಿ. ಮೇಲಿನ ಅಭ್ಯರ್ಥಿಗೆ ಸಿಂಪ್ಲಿಫಿಕೇಶನ್‌ನಲ್ಲಿ ಅದು ಪ್ರಶ್ನೆಗೆ 25, ಸೆಟ್‌ಗೆ 250 ಸೆಕೆಂಡು. ಅಲ್ಲಿಂದ 225, ಆಮೇಲೆ 200, ಆಮೇಲೆ 180. ಸತತ ಎರಡು ಸೆಟ್‌ಗಳಲ್ಲಿ ಒಂಬತ್ತು ಸರಿ ಬಂದರೆ ಮಾತ್ರ ಒಂದು ಮೆಟ್ಟಿಲು ಮುಂದೆ. ಎಂಟಕ್ಕಿಂತ ಕೆಳಗಿಳಿದರೆ ಒಂದು ಮೆಟ್ಟಿಲು ಹಿಂದೆ. ಎಂಟು ಬಂದರೆ ಅಲ್ಲೇ ಇನ್ನೊಂದು ಸೆಟ್.

ಸಮಯವನ್ನು ಒಮ್ಮೆಲೇ ಅರ್ಧಕ್ಕೆ ಇಳಿಸಿದವರಲ್ಲಿ ಒಂದು ಲಕ್ಷಣ ಕಾಣುತ್ತದೆ: ಮೊದಲ ಆರು ಪ್ರಶ್ನೆ ಚೆನ್ನಾಗಿ ಹೋಗಿ, ಕೊನೆಯ ನಾಲ್ಕರಲ್ಲಿ ಮೂರು ತಪ್ಪು. ಸೆಟ್‌ನ ಮೊದಲ ಐದು ಮತ್ತು ಕೊನೆಯ ಐದರ ಫಲವನ್ನು ಬೇರೆ ಬೇರೆ ನೋಡಿದರೆ ಇದು ತಕ್ಷಣ ತಿಳಿಯುತ್ತದೆ. ಆಗ ಬೇಕಾದದ್ದು ಹಿಂದಿನ ಮೆಟ್ಟಿಲು.

ಒಂದೇ ಮಾದರಿಯ ಸೆಟ್‌ಗೆ ಒಂದು ಮಿತಿಯಿದೆ. ಹತ್ತೂ ಕೆಲಸ-ಕಾಲದ ಲೆಕ್ಕಗಳೇ ಆದರೆ ಯಾವ ದಾರಿ ಹಿಡಿಯಬೇಕೆಂದು ಮೊದಲೇ ಗೊತ್ತಿರುತ್ತದೆ. ಪರೀಕ್ಷೆಯಲ್ಲಿ ಅದನ್ನು ಗುರುತಿಸುವುದೇ ಅರ್ಧ ಕೆಲಸ. ಆದ್ದರಿಂದ ಮೆಟ್ಟಿಲು ಹತ್ತಿದ ಮಾದರಿಯನ್ನು ಆ ವಾರವೇ ಮಿಶ್ರ ಸೆಟ್‌ಗೆ ಸೇರಿಸಿ. ಸೆಟ್‌ನಲ್ಲಿ 22 ಸೆಕೆಂಡಿಗೆ ಇಳಿದದ್ದು ಮಿಶ್ರದಲ್ಲಿ 28ಕ್ಕೆ ಏರಿದರೆ ಗಾಬರಿ ಬೇಡ. ಆ 6 ಸೆಕೆಂಡು ಗುರುತಿಸುವ ಬೆಲೆ, ಕರಗಬೇಕಾದದ್ದು ಅದು.

ದಿನಕ್ಕೆ 75 ನಿಮಿಷ ಕೊಡಬಲ್ಲವರಿಗೆ ವಾರ ಹೀಗಿರಲಿ. ಬುಧವಾರ ಮತ್ತು ಭಾನುವಾರ ಮಾಕ್: ವಿಭಾಗಕ್ಕೆ 20 ನಿಮಿಷ, ಹಾಳೆ ತುಂಬಿ ಗುಂಪು ಮಾಡಲು ಉಳಿದ 55. ಮಿಕ್ಕ ಐದು ದಿನ ಮೊದಲ 10 ನಿಮಿಷ ಕೈಲೆಕ್ಕ, ಅಂದರೆ 30ರವರೆಗಿನ ವರ್ಗಗಳು ಮತ್ತು ಶೇಕಡಾದಿಂದ ಭಿನ್ನರಾಶಿ. ನಂತರ 30 ನಿಮಿಷ ನಿಮಿಷಕ್ಕೆ ಅಂಕ ಕಡಿಮೆಯಿರುವ ಒಂದು ಮಾದರಿ, 20 ನಿಮಿಷ ಮಿಶ್ರ ಸೆಟ್, 15 ನಿಮಿಷ ತಡ-ಸರಿ ಪ್ರಶ್ನೆಗಳನ್ನು ಮತ್ತೆ ಬಿಡಿಸುವುದು. ದಿನಕ್ಕೊಂದು ಮಾಕ್ ಬರೆಯುವವರು ಹಾಳೆ ತುಂಬುವುದಿಲ್ಲ. ಒಂದೇ ತಪ್ಪನ್ನು ಏಳು ಸಲ ಅಳೆದು ನೋಡುತ್ತಾರೆ ಅಷ್ಟೆ.

ನಾಲ್ಕು ವಾರದ ನಂತರದ ಬಜೆಟ್

ಇದೇ ಅಭ್ಯರ್ಥಿಗೆ ಗುರಿಯನ್ನು ಅಂಕದಲ್ಲಲ್ಲ, ಸೆಕೆಂಡಿನಲ್ಲಿ ಹಾಕೋಣ. ಸಿಂಪ್ಲಿಫಿಕೇಶನ್ 12ಕ್ಕೆ 240 ಸೆಕೆಂಡು. ಡಿಐ 5ಕ್ಕೆ 200. ಸೀರೀಸ್‌ಗೆ 120, ಅದರಲ್ಲಿ ಮೂರಕ್ಕೆ ಉತ್ತರ. ವಾಕ್ಯ ಲೆಕ್ಕ 13ನ್ನೂ ನೋಡಿ, ನಾಲ್ಕನ್ನು 20 ಸೆಕೆಂಡಿಗೆ ಬಿಟ್ಟು, ಒಂಬತ್ತಕ್ಕೆ 50ರಂತೆ ಕೊಟ್ಟರೆ 530. ಒಟ್ಟು 1090, ಬಿಟ್ಟವುಗಳ ಕಡೆ ಮರಳಲು 110 ಸೆಕೆಂಡು ಉಳಿಯುತ್ತದೆ. 29 ಉತ್ತರಗಳಲ್ಲಿ 25 ಸರಿ ಬಂದರೆ 24 ಅಂಕ.

ಪರೀಕ್ಷೆಯ ಪರದೆಯಲ್ಲಿ ಕಾಣುವುದು ಉಳಿದ ಸಮಯ, ಹಾಗಾಗಿ ಬಜೆಟ್ ಅನ್ನೂ ಹಾಗೆಯೇ ನೆನಪಿಡಿ. ಸಿಂಪ್ಲಿಫಿಕೇಶನ್ ಮುಗಿದಾಗ 16:00, ಡಿಐ ಮುಗಿದಾಗ 12:40, ಸೀರೀಸ್ ಮುಗಿದಾಗ 10:40. ಮೂರೇ ಸಲ ಗಡಿಯಾರ ನೋಡಿದರೆ ಸಾಕು. ಡಿಐ ಹೊತ್ತಿಗೆ 11:30 ಆಗಿಹೋಗಿದ್ದರೆ ಕೈ ಚುರುಕು ಮಾಡಬೇಡಿ, ಸೀರೀಸನ್ನು ಕೊನೆಗೆ ತಳ್ಳಿ. ಮಾದರಿಗಳು ಬೇರೆ ಕ್ರಮದಲ್ಲಿದ್ದರೆ ಪ್ರಶ್ನೆ ಸಂಖ್ಯೆಗಳ ಪಟ್ಟಿಯಿಂದ ನೇರವಾಗಿ ಜಿಗಿಯಿರಿ. ಆಯ್ಕೆ ಒತ್ತಿ Save & Next ಒತ್ತದೆ ಜಿಗಿದರೆ ಉತ್ತರ ಉಳಿಯುವುದಿಲ್ಲ ಎಂಬುದನ್ನು ಮಾಕ್‌ನಲ್ಲೇ ಕೈಗೆ ರೂಢಿ ಮಾಡಿಸಿ.

ಅಂಕಿಗಳನ್ನು ಎಷ್ಟು ನಂಬಬೇಕು

26 ಉತ್ತರಗಳಲ್ಲಿ ಶೇ 77 ನಿಖರತೆ ಇರುವವರಿಗೆ, ಸಾಮರ್ಥ್ಯ ಒಂದಿಷ್ಟೂ ಬದಲಾಗದಿದ್ದರೂ, ಮುಂದಿನ ಮಾಕ್‌ನಲ್ಲಿ ಎರಡು ಸರಿ ಹೆಚ್ಚೋ ಕಡಿಮೆಯೋ ಆಗುವುದು ತೀರ ಸಹಜ. ಅಂದರೆ ಶೇ 69ರಿಂದ 85ರವರೆಗಿನ ಏರಿಳಿತಕ್ಕೆ ಅರ್ಥ ಹುಡುಕಬಾರದು. ಕೊನೆಯ ಮೂರು ಮಾಕ್‌ಗಳನ್ನು ಕೂಡಿಸಿ ಲೆಕ್ಕ ಹಾಕಿ. ಹೊಸದು ಸೇರಿದಾಗ ಹಳೆಯದೊಂದು ಹೊರಗೆ. ಹಿಂದೆ ಬರೆದ ಮಾಕ್ ಅನ್ನೇ ಮತ್ತೆ ಬರೆದದ್ದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಉತ್ತರ ನೆನಪಿದ್ದರೆ ಸೆಕೆಂಡು ಸುಳ್ಳು ಹೇಳುತ್ತದೆ.

ಪ್ರಿಲಿಮ್ಸ್ ಅಂಕ ಅಂತಿಮ ಆಯ್ಕೆಗೆ ಸೇರುವುದಿಲ್ಲ, ಮೇನ್ಸ್‌ಗೆ ದಾಟಿಸುತ್ತದೆ ಅಷ್ಟೆ. ಐಬಿಪಿಎಸ್‌ನಲ್ಲಿ ಪ್ರತಿ ವಿಭಾಗದ ಕಟ್ ಆಫ್ ಕೂಡ ದಾಟಬೇಕು. ಹಾಗಾಗಿ ಗಣಿತದಲ್ಲಿ 24 ಸ್ಥಿರವಾಗಿ ಬರತೊಡಗಿದ ಮೇಲೆ ಆ 75 ನಿಮಿಷವನ್ನು 30ಕ್ಕೆ ಏರಲು ಸುರಿಯುವ ಮೊದಲು ಉಳಿದೆರಡರ ಹಾಳೆ ನೋಡಿ. ರೀಸನಿಂಗ್‌ನಲ್ಲಿ ಲೆಕ್ಕ ಇಡುವಾಗ ಒಂದು ಬದಲಾವಣೆ ಬೇಕು: ಆಸನ ವ್ಯವಸ್ಥೆ, ಪಝಲ್‌ಗಳಲ್ಲಿ ಐದು ಪ್ರಶ್ನೆಗೆ ಒಂದೇ ಚಿತ್ರ ಬಿಡಿಸುವುದರಿಂದ ಸಮಯವನ್ನು ಪ್ರಶ್ನೆಗಲ್ಲ, ಸೆಟ್‌ಗೆ ಬರೆಯಬೇಕು. ಚಿತ್ರ ಪೂರ್ತಿಯಾಗಲು ಹಿಡಿದದ್ದು ಒಂದು ಅಂಕಿ, ಐದು ಉತ್ತರ ಒತ್ತಲು ಹಿಡಿದದ್ದು ಇನ್ನೊಂದು. ಮೊದಲನೆಯದು ದೊಡ್ಡದಿದ್ದರೆ ಸುಳಿವುಗಳನ್ನು ಓದುವ ಕ್ರಮ ಸರಿಯಿಲ್ಲ. ಎರಡನೆಯದು ದೊಡ್ಡದಿದ್ದರೆ ರಫ್ ಶೀಟ್‌ನ ಚಿತ್ರ ನಿಮಗೇ ಓದಲು ಬರುತ್ತಿಲ್ಲ.